ಒಂದು ಕಣ್ಣು ಕೆಂಪು, ತಲೆ ಸಿಡಿತ, ವಾಂತಿ: ಇದನ್ನು ಪಿತ್ತ ಅಂತ ಬಿಡಬೇಡಿ, ಬೆಳಗಿನ ತನಕ ಕಾಯಬೇಡಿ

ಸಂಜೆ ಹೊತ್ತು ಒಂದು ಹುಬ್ಬಿನ ಮೇಲೆ ನೋವು ಶುರುವಾಗುತ್ತದೆ. ಸ್ವಲ್ಪ ಹೊತ್ತಿಗೆ ಅದು ಅರ್ಧ ತಲೆಗೆ ಹಬ್ಬುತ್ತದೆ. ಬೀದಿ ದೀಪ ನೋಡಿದರೆ ಸುತ್ತ ಬಣ್ಣಬಣ್ಣದ ಬಳೆ ಕಾಣುತ್ತದೆ. ಆಮೇಲೆ ಹೊಟ್ಟೆ ತೊಳಸಿ ವಾಂತಿ. ಮನೆಯವರು ವಾಂತಿ ನೋಡುತ್ತಾರೆ, ಕಣ್ಣು ನೋಡುವುದಿಲ್ಲ. "ಪಿತ್ತ ಆಗೇತಿ, ಲಿಂಬು ಶರಬತ್ ಕುಡದು ಮಲಕೋ ಬೇ" ಅನ್ನುತ್ತಾರೆ. ದೀಪ ಆರಿಸುತ್ತಾರೆ. ಕಣ್ಣಿಗೆ ನಿಜವಾದ ಪೆಟ್ಟು ಬೀಳುವುದು ಆ ರಾತ್ರಿಯಲ್ಲೇ.

ನಾನು ಹುಬ್ಬಳ್ಳಿಯಲ್ಲಿ ಕಣ್ಣಿನ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ಹಾವೇರಿ, ಗದಗ ಕಡೆಯಿಂದ ಹೀಗೆ ಒಂದು ರಾತ್ರಿ, ಕೆಲವೊಮ್ಮೆ ಎರಡು ರಾತ್ರಿ ಕಳೆದು ಬಂದವರನ್ನು ನೋಡಿದಾಗಲೆಲ್ಲ ಇದನ್ನು ಬರೆಯಬೇಕು ಅನಿಸುತ್ತಿತ್ತು. ಈ ಕಾಯಿಲೆಯ ಹೆಸರು ಆ್ಯಂಗಲ್ ಕ್ಲೋಶರ್ ಗ್ಲಾಕೋಮಾ. ಅದರಲ್ಲೂ ಒಮ್ಮೆಲೇ ಏರಿ ಬರುವ ದಾಳಿಯ ಬಗ್ಗೆ ಮಾತ್ರ ಇಲ್ಲಿ ಹೇಳುತ್ತೇನೆ. ವರ್ಷಗಟ್ಟಲೆ ಸದ್ದಿಲ್ಲದೆ ದೃಷ್ಟಿ ತಿನ್ನುವ ಇನ್ನೊಂದು ಗ್ಲಾಕೋಮಾ ಇದೆ. ಅದು ಬೇರೆ, ಅದರಲ್ಲಿ ನೋವಿಲ್ಲ.

ಕಣ್ಣೊಳಗೆ ಆಗುವುದೇನು

ಕಣ್ಣಿನ ಮುಂಭಾಗದಲ್ಲಿ ತಿಳಿನೀರು ಸದಾ ಹುಟ್ಟುತ್ತಿರುತ್ತದೆ, ಸದಾ ಹೊರಗೂ ಹೋಗುತ್ತಿರುತ್ತದೆ. ಇದು ಕಣ್ಣೀರಲ್ಲ, ಕಣ್ಣಿನ ಒಳಗಿನ ನೀರು. ಬಣ್ಣದ ಪರದೆಯ, ಅಂದರೆ ಐರಿಸ್‌ನ ಹಿಂದೆ ಅದು ಹುಟ್ಟುತ್ತದೆ. ಐರಿಸ್‌ನ ನಡುವಿನ ತೂತು, ಅಂದರೆ ಪಾಪೆಯ ಮೂಲಕ ಮುಂದೆ ಬರುತ್ತದೆ. ಐರಿಸ್ ಮತ್ತು ಕಣ್ಣಿನ ಮುಂದಿನ ಗಾಜಿನಂಥ ಪದರ, ಅಂದರೆ ಕಾರ್ನಿಯಾ, ಸೇರುವ ಮೂಲೆಯಲ್ಲಿ ಇಂಗಿ ಹೋಗುತ್ತದೆ. ಆ ಮೂಲೆಗೇ ಆ್ಯಂಗಲ್ ಅನ್ನುತ್ತಾರೆ. ಹುಟ್ಟುವುದೂ ಹೋಗುವುದೂ ಸಮ ಇರುವ ತನಕ ಕಣ್ಣಿನ ಪ್ರೆಶರ್ ಸಾಮಾನ್ಯವಾಗಿ 10ರಿಂದ 21ರ ಒಳಗೆ ಇರುತ್ತದೆ. ಇದಕ್ಕೂ ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿ.ಪಿ.ಗೂ ಸಂಬಂಧವಿಲ್ಲ. ಬಿ.ಪಿ. ಸರಿ ಇದ್ದರೂ ಕಣ್ಣಿನ ಪ್ರೆಶರ್ ಏರಬಹುದು.

ಕೆಲವರ ಕಣ್ಣಿನಲ್ಲಿ ಈ ಮೂಲೆ ಹುಟ್ಟಿನಿಂದಲೇ ಇಕ್ಕಟ್ಟು. ಕಣ್ಣು ಗಾತ್ರದಲ್ಲಿ ಸ್ವಲ್ಪ ಗಿಡ್ಡ ಇದ್ದವರಿಗೆ, ಅಂದರೆ ದೂರ ನೋಡಲಿಕ್ಕೂ ಪ್ಲಸ್ ನಂಬರಿನ ಚಶ್ಮಾ ಬೇಕಾದವರಿಗೆ, ಹೀಗಿರುವುದು ಜಾಸ್ತಿ. ವಯಸ್ಸಾದಂತೆ ಕಣ್ಣೊಳಗಿನ ಲೆನ್ಸ್ ದಪ್ಪವಾಗಿ ಮುಂದಕ್ಕೆ ಸರಿಯುತ್ತದೆ, ಇಕ್ಕಟ್ಟು ಇನ್ನೂ ಹೆಚ್ಚುತ್ತದೆ. ಮಬ್ಬು ಬೆಳಕಿನಲ್ಲಿ ಪಾಪೆ ಅರ್ಧ ಹಿಗ್ಗಿದಾಗ ಐರಿಸ್ ಲೆನ್ಸಿಗೆ ಒತ್ತಿಕೊಂಡು ಕೂತುಬಿಡುತ್ತದೆ. ಹಿಂದಿನ ನೀರಿಗೆ ಮುಂದೆ ಬರಲು ದಾರಿ ಇಲ್ಲ. ಅದು ಐರಿಸ್ಸನ್ನು ಹಿಂದಿನಿಂದ ನೂಕುತ್ತದೆ, ಐರಿಸ್ ಉಬ್ಬಿ ಮೂಲೆಯನ್ನೇ ಮುಚ್ಚುತ್ತದೆ. ನೀರು ಹುಟ್ಟುವುದು ಮಾತ್ರ ನಿಲ್ಲುವುದಿಲ್ಲ. ಕೆಲವೇ ತಾಸಿನಲ್ಲಿ ಪ್ರೆಶರ್ 40, 50, 60 ದಾಟಬಹುದು.

ಲಕ್ಷಣಗಳೆಲ್ಲ ಇದರಿಂದಲೇ ಬರುತ್ತವೆ. ಪ್ರೆಶರ್ ಏರಿದಾಗ ಕಾರ್ನಿಯಾಕ್ಕೆ ನೀರು ತುಂಬಿ ಊದುತ್ತದೆ. ಊದಿದ ಪದರದಲ್ಲಿ ಬೆಳಕು ಬಣ್ಣಬಣ್ಣವಾಗಿ ಒಡೆಯುತ್ತದೆ, ಅದಕ್ಕೇ ದೀಪದ ಸುತ್ತ ಬಳೆ. ನೋವಿನ ನರ ಹುಬ್ಬು, ಹಣೆ, ಕೆನ್ನೆಗೂ ಹೋಗುವುದರಿಂದ ಜನ ಕಣ್ಣುನೋವು ಅನ್ನದೆ ತಲೆನೋವು ಅನ್ನುತ್ತಾರೆ. ಅದೇ ನೋವು ಮಿದುಳಿನ ಮೂಲಕ ಹೊಟ್ಟೆಯ ನರವನ್ನೂ ಕೆರಳಿಸುತ್ತದೆ, ಅದಕ್ಕೆ ವಾಂತಿ. ಹೊಟ್ಟೆಯಲ್ಲಿ ಏನೂ ಕೆಟ್ಟಿರುವುದಿಲ್ಲ.

ಅವಸರ ಯಾಕೆ ಅಂತ ಕೇಳಿದರೆ, ಈ ಪ್ರೆಶರಿಗೆ ಕಣ್ಣಿನ ನರಕ್ಕೆ ಹೋಗುವ ರಕ್ತವೇ ಸರಿಯಾಗಿ ಹರಿಯುವುದಿಲ್ಲ. ಸತ್ತ ನರದ ಎಳೆ ಮತ್ತೆ ಹುಟ್ಟುವುದಿಲ್ಲ. ಪೊರೆಯಿಂದ ಹೋದ ದೃಷ್ಟಿ ಆಪರೇಷನ್ ಮಾಡಿದರೆ ಬರುತ್ತದೆ, ಇದರಿಂದ ಹೋದದ್ದು ಬರುವುದಿಲ್ಲ. ಜೊತೆಗೆ ಐರಿಸ್ ಮೂಲೆಗೆ ಒತ್ತಿಕೊಂಡೇ ಬಹಳ ಹೊತ್ತು ಇದ್ದರೆ ಅಲ್ಲೇ ಅಂಟಿಕೊಳ್ಳುತ್ತದೆ. ಆಗ ದಾಳಿ ಇಳಿದ ಮೇಲೂ ಪ್ರೆಶರ್ ಹತೋಟಿಗೆ ಬರುವುದು ಕಷ್ಟ.

ಬ್ಯಾಡಗಿಯ ಒಬ್ಬ ಅವ್ವನ ಹದಿನೆಂಟು ತಾಸು

ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಒಂದು ಪ್ರಕರಣ ಹೇಳುತ್ತೇನೆ. ಎಲ್ಲಿ ಏನು ತಪ್ಪಿತು ಅನ್ನುವುದು ಇದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಆಕೆಗೆ 62 ವರ್ಷ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ. ಸೀಸನ್ನಿನಲ್ಲಿ ಅಲ್ಲಿನ ಗಾಳಿಯಲ್ಲೇ ಖಾರ ಇರುತ್ತದೆ, ಅಲ್ವಾ? ಕಣ್ಣು ಉರಿಯುವುದು, ಕೆಂಪಾಗುವುದು ಅಲ್ಲಿನವರಿಗೆ ಹೊಸದಲ್ಲ. ಜನವರಿ ಚಳಿಗೆ ನೆಗಡಿ ಆಗಿತ್ತು. ಮೆಡಿಕಲ್ ಅಂಗಡಿಯಿಂದ ನೆಗಡಿ ಗುಳಿಗೆ ತಂದು ಎರಡು ದಿನ ತಗೊಂಡಿದ್ದರು. ಸಂಜೆ ಆರೂವರೆಗೆ ಮನೆಗೆ ಬಂದಾಗ ಬಲಗಣ್ಣು ಕೆಂಪಾಗಿತ್ತು, ಹುಬ್ಬು ನೋಯುತ್ತಿತ್ತು. ಖಾರ ಬಿದ್ದಿದೆ ಅಂತ ತಣ್ಣೀರಲ್ಲಿ ತೊಳೆದರು. ಎಂಟು ಗಂಟೆಗೆ ವಾಂತಿ ಶುರುವಾಯಿತು. ಬಾಗಿಲ ದೀಪಕ್ಕೆ ಬಣ್ಣದ ಬಳೆ ಬಂದಿದೆ ಅಂದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದೊಯ್ದರು. "ಹೊಟ್ಟಿ ತೊಳಸಾಕತ್ತೇತಿ, ವಾಂತಿ ಆಗಾಕತ್ತೇತಿ" ಅಂತ ಮಗ ಹೇಳಿದ. ಕಣ್ಣಿನ ವಿಷಯ ಹೇಳಲೇ ಇಲ್ಲ. ಅಲ್ಲಿ ಹೊಟ್ಟೆ ಹಿಡಿತಕ್ಕೆ ಕೊಡುವ ಡೈಸೈಕ್ಲೋಮಿನ್ ಇಂಜೆಕ್ಷನ್ ಹಾಕಿದರು. ವಾಂತಿ ಅಷ್ಟೇ ಕಂಡರೆ ಅದು ಸಹಜ. ಆದರೆ ಈ ಔಷಧಿಗೆ ಪಾಪೆ ಹಿಗ್ಗಿಸುವ ಗುಣವಿದೆ. ಅವರು ತಗೊಂಡಿದ್ದ ನೆಗಡಿ ಗುಳಿಗೆಯಲ್ಲಿದ್ದ ಕ್ಲೋರ್ಫೆನಿರಮಿನ್, ಫಿನೈಲೆಫ್ರಿನ್‌ಗೂ ಅದೇ ಗುಣ. ಇಕ್ಕಟ್ಟು ಮೂಲೆಯ ಕಣ್ಣಿಗೆ ಇದು ಬೆಂಕಿಗೆ ತುಪ್ಪ ಸುರಿದಂತೆ. ಮನೆಗೆ ಬಂದು ದೀಪ ಆರಿಸಿ, ತಲೆಗೆ ಬಟ್ಟೆ ಬಿಗಿದು ಮಲಗಿದರು. ಕತ್ತಲೆಯಲ್ಲಿ ಪಾಪೆ ಇನ್ನಷ್ಟು ಹಿಗ್ಗಿತು.

ಬೆಳಗ್ಗೆ ಬಲಗಣ್ಣಿಗೆ ಸೊಸೆಯ ಮುಖ ಕಾಣಲಿಲ್ಲ. ಆಗ ಹೊರಟರು. ಹುಬ್ಬಳ್ಳಿ ಮುಟ್ಟಿ, ಚೀಟಿ ಮಾಡಿಸಿ, ನನ್ನ ಮುಂದೆ ಕೂತಾಗ ಮಧ್ಯಾಹ್ನ ಹನ್ನೆರಡೂವರೆ. ನೋವು ಶುರುವಾಗಿ ಹದಿನೆಂಟು ತಾಸು. ಬಲಗಣ್ಣಿಗೆ ಬೆರಳು ಎಣಿಸಲಿಕ್ಕೂ ಆಗುತ್ತಿರಲಿಲ್ಲ, ಕೈ ಆಡಿಸಿದ್ದು ಮಾತ್ರ ತಿಳಿಯುತ್ತಿತ್ತು. ಪ್ರೆಶರ್ 58. ಎಡಗಣ್ಣಿನದು 16.

ನಾಲ್ಕು ಸುಳಿವು ಕೈಯಲ್ಲೇ ಇದ್ದವು. ಒಂದೇ ಕಣ್ಣು ಕೆಂಪು. ಖಾರ ಬಿದ್ದರೆ ಸಾಮಾನ್ಯವಾಗಿ ಎರಡೂ ಕಣ್ಣು ಉರಿಯುತ್ತವೆ, ತೊಳೆದರೆ ಅರ್ಧ ತಾಸಿನಲ್ಲಿ ತಗ್ಗುತ್ತದೆ. ಎರಡನೆಯದು ದೀಪದ ಸುತ್ತ ಬಳೆ. ಮೂರನೆಯದು ಅದೇ ಬದಿಯ ತಲೆನೋವು. ನಾಲ್ಕನೆಯದು ಆ ಕಣ್ಣಿಗೆ ದೃಷ್ಟಿ ಮಬ್ಬು. ಇದನ್ನು ಅವರು ಯಾರೂ ನೋಡಲೇ ಇಲ್ಲ, ಯಾಕೆಂದರೆ ಎರಡೂ ಕಣ್ಣು ತೆರೆದಿದ್ದರೆ ಒಳ್ಳೆಯ ಕಣ್ಣು ಎಲ್ಲವನ್ನೂ ಮುಚ್ಚಿಹಾಕುತ್ತದೆ.

ಮನೆಯಲ್ಲಿ ಎರಡು ನಿಮಿಷದ ಪರೀಕ್ಷೆ

ನಲವತ್ತು, ಐವತ್ತು ದಾಟಿದವರಿಗೆ ಜೋರಾದ ತಲೆನೋವು ಮತ್ತು ವಾಂತಿ ಒಟ್ಟಿಗೆ ಬಂದರೆ, ಹೊಟ್ಟೆಗೆ ಏನು ಕೊಡಬೇಕು ಅಂತ ಯೋಚಿಸುವ ಮೊದಲು ಕಣ್ಣು ನೋಡಿ.

ಮೊದಲು ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಸಿ. ಗೋಡೆಯ ಕ್ಯಾಲೆಂಡರ್ ಓದಲು ಹೇಳಿ. ಚಶ್ಮಾ ಇದ್ದರೆ ಹಾಕಿಸಿಯೇ ಕೇಳಿ. ಆಮೇಲೆ ಇನ್ನೊಂದು ಕಣ್ಣು. ನೋವಿರುವ ಬದಿಯ ಕಣ್ಣಿಗೆ ಮಸುಕು ಮಸುಕಾಗಿ ಕಂಡರೆ, ನಿನ್ನೆ ಹೀಗಿರಲಿಲ್ಲ ಅಂದರೆ, ಅದು ದೊಡ್ಡ ಸುಳಿವು.

ಆಮೇಲೆ ಬೆಳಕಿನಲ್ಲಿ ಕೂರಿಸಿ ಎರಡೂ ಕಣ್ಣಿಗೆ ಒಂದಾದ ಮೇಲೊಂದು ಮೊಬೈಲ್ ಟಾರ್ಚ್ ಹಿಡಿಯಿರಿ. ಬದಿಯಿಂದ ಹಿಡಿಯಿರಿ, ಒಂದೆರಡು ಸೆಕೆಂಡು ಸಾಕು. ಒಳ್ಳೆಯ ಕಣ್ಣಿನ ಪಾಪೆ ಬೆಳಕಿಗೆ ಕೂಡಲೇ ಸಣ್ಣಗಾಗುತ್ತದೆ. ದಾಳಿ ಆದ ಕಣ್ಣಿನ ಪಾಪೆ ಅರ್ಧ ಹಿಗ್ಗಿ ನಿಂತುಬಿಟ್ಟಿರುತ್ತದೆ, ಬೆಳಕಿಗೆ ಅಲ್ಲಾಡುವುದಿಲ್ಲ. ಕೆಲವೊಮ್ಮೆ ದುಂಡಗೂ ಇರುವುದಿಲ್ಲ, ಉದ್ದುದ್ದ ಕಾಣುತ್ತದೆ. ಕಪ್ಪುಗುಡ್ಡೆಯ ಹೊಳಪು ಹೋಗಿ ಮಬ್ಬಾಗಿರುತ್ತದೆ. ಕೆಂಪು ಕೂಡ ಕಪ್ಪುಗುಡ್ಡೆಯ ಅಂಚಿನಲ್ಲಿ ಜಾಸ್ತಿ ಇರುತ್ತದೆ. ಕಪ್ಪು ಕಣ್ಣುಗಳಲ್ಲಿ ಪಾಪೆ ಸುಲಭವಾಗಿ ಕಾಣುವುದಿಲ್ಲ. ಅದಕ್ಕೆ ಎರಡನ್ನೂ ಹೋಲಿಸಿ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ.

ಕಣ್ಣು ಮುಚ್ಚಿಸಿ ರೆಪ್ಪೆಯ ಮೇಲಿಂದ ಎರಡು ತೋರುಬೆರಳಿನಿಂದ ಹಗುರಾಗಿ ಮುಟ್ಟಿದರೆ ದಾಳಿ ಆದ ಕಣ್ಣು ಕಲ್ಲಿನ ಹಾಗೆ ಗಟ್ಟಿ ಅನಿಸಬಹುದು. ಇದನ್ನು ಅನುಭವಿ ಡಾಕ್ಟರು ಮಾಡಿದರೆ ಚೆನ್ನ. ಕಣ್ಣಿಗೆ ಪೆಟ್ಟು ಬಿದ್ದಿದ್ದರೆ ಅಥವಾ ಇತ್ತೀಚೆಗೆ ಆಪರೇಷನ್ ಆಗಿದ್ದರೆ ಖಂಡಿತ ಮುಟ್ಟಬೇಡಿ. ಮೊದಲಿನ ಎರಡು ಪರೀಕ್ಷೆ ಸಾಕು. ಅವೂ ಸಂಶಯವಾಗಿಯೇ ಇದ್ದರೆ ಸಂಶಯದ ಮೇಲೇ ಹೊರಡಿ.

ಬೇರೆ ಕಾಯಿಲೆಯೂ ಹೀಗೇ ಕಾಣಬಹುದಲ್ಲ ಅಂತ ನೀವು ಕೇಳಬಹುದು. ಮೈಗ್ರೇನ್‌ನಲ್ಲೂ ಅರ್ಧ ತಲೆ ನೋಯುತ್ತದೆ, ವಾಂತಿ ಆಗುತ್ತದೆ. ಆದರೆ ಅದು ಸಾಮಾನ್ಯವಾಗಿ ಚಿಕ್ಕ ವಯಸ್ಸಿನಿಂದ ಇರುತ್ತದೆ. ಅದರಲ್ಲಿ ಕಾಣುವ ಮಿಂಚು, ಹಲ್ಲುಹಲ್ಲಿನ ಗೆರೆ ಅರ್ಧ ತಾಸು, ಹೆಚ್ಚೆಂದರೆ ಒಂದು ತಾಸಿನಲ್ಲಿ ಹೋಗುತ್ತದೆ, ಪಾಪೆ ನಿಂತುಹೋಗುವುದಿಲ್ಲ. ಅರವತ್ತರಲ್ಲಿ ಮೊದಲ ಸಲ ಬಂದ ತಲೆನೋವನ್ನು ಮೈಗ್ರೇನ್ ಅನ್ನಬೇಡಿ. ಕಣ್ಣುಬೇನೆಯಲ್ಲಿ ಪಿಚ್ಚು ಬರುತ್ತದೆ, ಒರೆಸಿದರೆ ಕಾಣುತ್ತದೆ, ವಾಂತಿ ಇರುವುದಿಲ್ಲ. ಪೊರೆ ಬಂದವರಿಗೂ ರಾತ್ರಿ ದೀಪದ ಸುತ್ತ ಬೆಳಕು ಚದುರಿ ಕಾಣುತ್ತದೆ. ಅದು ದಿನಾ ಇರುತ್ತದೆ, ನೋವಿಲ್ಲದೆ ಇರುತ್ತದೆ.

ಒಂದು ವಿಷಯ ಮಾತ್ರ ಗಮನದಲ್ಲಿರಲಿ. ಪಾಪೆ ದೊಡ್ಡದಾಗಿದೆ, ಆದರೆ ಕಣ್ಣು ಕೆಂಪಿಲ್ಲ, ಮೇಲಿನ ರೆಪ್ಪೆ ಜೋತುಬಿದ್ದಿದೆ, ಜೊತೆಗೆ ಭಯಂಕರ ತಲೆನೋವು ಅಂದರೆ ಅದು ಮಿದುಳಿನ ರಕ್ತನಾಳದ ತೊಂದರೆ ಇರಬಹುದು. ಮುಖ ಸೊಟ್ಟಗಾದರೆ, ಮಾತು ತೊದಲಿದರೆ, ಕೈಕಾಲು ಬಿದ್ದರೆ ಪಾರ್ಶ್ವವಾಯು. ಆಗ ಹೋಗಬೇಕಾದದ್ದು ಕಣ್ಣಿನ ಆಸ್ಪತ್ರೆಗೆ ಅಲ್ಲ, ಎಲ್ಲ ವಿಭಾಗ ಇರುವ ದೊಡ್ಡ ಆಸ್ಪತ್ರೆಗೆ. ಅದೂ ಅಷ್ಟೇ ಅವಸರದಲ್ಲಿ.

ಹೊರಡುವ ಮೊದಲು, ದಾರಿಯಲ್ಲಿ

ಗಡಿಯಾರ ನೋಡಿ, ನೋವು ಯಾವಾಗ ಶುರುವಾಯಿತು ಅಂತ ಬರೆದಿಟ್ಟುಕೊಳ್ಳಿ. ಡಾಕ್ಟರು ಮೊದಲು ಕೇಳುವುದು ಅದನ್ನೇ.

ಕೋಣೆಯ ದೀಪ ಹಚ್ಚಿಯೇ ಇರಲಿ. ಬೆಳಕು ಚುಚ್ಚುತ್ತದೆ ಅಂತ ರೋಗಿ ಕತ್ತಲೆ ಕೇಳಬಹುದು, ಆದರೂ ಕಣ್ಣಿಗೆ ಬಟ್ಟೆ ಕಟ್ಟಬೇಡಿ, ಕಪ್ಪು ಚಶ್ಮಾ ಹಾಕಬೇಡಿ. ವಾಹನ ಬರುವ ತನಕ ಅಂಗಾತ ಮಲಗಿಸಿ. ಅಂಗಾತ ಮಲಗಿದರೆ ಲೆನ್ಸ್ ಸ್ವಲ್ಪ ಹಿಂದಕ್ಕೆ ಸರಿದು ಅನುಕೂಲ ಆಗಬಹುದು. ವಾಂತಿ ಬಂದಾಗ ಮಾತ್ರ ಪಕ್ಕಕ್ಕೆ ಹೊರಳಿಸಿ. ಬೋರಲಾಗಿ ಮಲಗಿಸಬೇಡಿ.

ಕಣ್ಣಿಗೆ ಏನೂ ಹಾಕಬೇಡಿ. ನಂದಿಬಟ್ಟಲ ಹೂವಿನ ರಸ, ಔಡಲೆಣ್ಣೆ, ಎದೆಹಾಲು, ಜೇನುತುಪ್ಪ, ಪಕ್ಕದ ಮನೆಯವರು ಪೊರೆ ಆಪರೇಷನ್ನಿಗೆ ಬಳಸಿ ಉಳಿಸಿದ ಡ್ರಾಪ್ಸ್, ಯಾವುದೂ ಬೇಡ. ಆ ಹಳೇ ಡ್ರಾಪ್ಸ್‌ನಲ್ಲಿ ಪಾಪೆ ಹಿಗ್ಗಿಸುವ ಔಷಧಿ ಇದ್ದರೆ ದಾಳಿ ಇನ್ನೂ ಜೋರಾಗುತ್ತದೆ. ನೆಗಡಿ ಗುಳಿಗೆ, ವಾಂತಿ ಗುಳಿಗೆ, ಹೊಟ್ಟೆ ಹಿಡಿತದ ಗುಳಿಗೆಯನ್ನು ನೀವಾಗಿ ಕೊಡಬೇಡಿ. ಬೈಕ್ ಮೇಲೆ ಹಿಂದೆ ಕೂರಿಸಿಕೊಂಡು ಹೋಗುವುದೂ ಬೇಡ. ಒಂದು ಕಣ್ಣು ಕಾಣದೆ, ವಾಂತಿ ಮಾಡುತ್ತಾ ಇರುವವರು ಬಿದ್ದುಹೋಗುತ್ತಾರೆ. ಕಾರು ಅಥವಾ ಆಟೊ ನೋಡಿ, ಸಿಗದಿದ್ದರೆ 108ಕ್ಕೆ ಫೋನ್ ಮಾಡಿ.

ಚೀಲಕ್ಕೆ ಹಾಕಬೇಕಾದದ್ದು ಮೂರೇ: ಹಾಕುವ ಚಶ್ಮಾ, ತಗೊಳ್ಳುವ ಎಲ್ಲಾ ಗುಳಿಗೆಗಳ ಪಟ್ಟಿ ಅಥವಾ ಖಾಲಿ ಸ್ಟ್ರಿಪ್, ಹಳೇ ಆಸ್ಪತ್ರೆ ಫೈಲು. ಅಸ್ತಮಾ, ಕಿಡ್ನಿ, ಹೃದಯದ ತೊಂದರೆ, ಸಕ್ಕರೆ ಕಾಯಿಲೆ, ಸಲ್ಫಾ ಔಷಧಿಯ ಅಲರ್ಜಿ ಇದ್ದರೆ ನೆನಪಿಟ್ಟು ಹೇಳಿ. ಆಸ್ಪತ್ರೆಯಲ್ಲಿ ಇದಕ್ಕೆ ಕೊಡುವ ಹಲವು ಔಷಧಿಗಳಿಗೆ ಇವುಗಳಲ್ಲಿ ಒಂದೊಂದು ಅಡ್ಡಿ ಇದೆ.

ಎಲ್ಲಿಗೆ ಹೋಗುವುದು, ಏನು ಹೇಳುವುದು

ಹುಬ್ಬಳ್ಳಿ-ಧಾರವಾಡದವರಿಗೆ ಇದು ಸುಲಭ. ಹುಬ್ಬಳ್ಳಿ ವಿದ್ಯಾನಗರದಲ್ಲಿ ಮೊದಲು ಕಿಮ್ಸ್ ಅನ್ನುತ್ತಿದ್ದ, ಈಗ ಕೆ.ಎಂ.ಸಿ.ಆರ್.ಐ. ಅನ್ನುವ ಸರಕಾರಿ ಆಸ್ಪತ್ರೆ ಇದೆ, ಖಾಸಗಿ ಕಣ್ಣಿನ ಆಸ್ಪತ್ರೆಗಳೂ ಇವೆ. ಗದಗದವರಿಗೆ, ಹಾವೇರಿಯವರಿಗೆ ಅವರವರ ಊರಿನ ಸರಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಮುಂಡರಗಿ, ರೋಣ, ಹಾನಗಲ್ಲ, ಶಿರಹಟ್ಟಿ ಕಡೆಯ ಹಳ್ಳಿಯಲ್ಲಿ ಇದ್ದರೆ ಒಂದು ಮಾತು. ದೂರದ ದೊಡ್ಡ ಊರಿಗೆ ಸೀದಾ ಹೊರಡುವ ಮೊದಲು ಹತ್ತಿರದ ತಾಲೂಕು ಆಸ್ಪತ್ರೆಯ ಮುಂದೆ ನಿಲ್ಲಿಸಿ. ಅಲ್ಲಿ ಕಣ್ಣಿನ ಡಾಕ್ಟರು ಇಲ್ಲದಿದ್ದರೂ ಡ್ಯೂಟಿ ಡಾಕ್ಟರು ಇರುತ್ತಾರೆ. ಕಣ್ಣಿನ ಡಾಕ್ಟರ ಜೊತೆ ಫೋನಿನಲ್ಲಿ ಮಾತಾಡಿ ಅವರು ಅಸೆಟಜೋಲಮೈಡ್ 500 ಮಿ.ಗ್ರಾಂ. ಕೊಟ್ಟು ಕಳಿಸಬಹುದು. ಅಂಗಡಿಯಲ್ಲಿ ಇದನ್ನು ಡಯಾಮಾಕ್ಸ್ ಅನ್ನುತ್ತಾರೆ, 250ರ ಎರಡು ಗುಳಿಗೆ. ಕಣ್ಣೊಳಗೆ ನೀರು ಹುಟ್ಟುವುದನ್ನೇ ಇದು ಕಡಿಮೆ ಮಾಡುತ್ತದೆ, ದಾರಿಯ ಒಂದೆರಡು ತಾಸು ಸುಮ್ನೆ ಹೋಗುವುದಿಲ್ಲ. ಆದರೆ ಕಿಡ್ನಿ ತೊಂದರೆ ಅಥವಾ ಸಲ್ಫಾ ಅಲರ್ಜಿ ಇದ್ದವರಿಗೆ ಇದು ಅಪಾಯ. ಅದಕ್ಕೇ ನೀವಾಗಿ ಕೊಂಡು ನುಂಗಿಸಬೇಡಿ. ಅಲ್ಲಿ ತಡವಾಗುವ ಹಾಗೆ ಕಂಡರೆ ಕಾಯದೆ ಮುಂದೆ ಹೊರಡಿ.

ರಾತ್ರಿ ಹೊತ್ತು ಹೊರಡುವಾಗ ಆ ಆಸ್ಪತ್ರೆಗೆ ಫೋನ್ ಮಾಡಿ "ಈಗ ಕಣ್ಣಿನ ಡಾಕ್ಟರು ಸಿಗ್ತಾರಾ?" ಅಂತ ಕೇಳಿಕೊಳ್ಳಿ. ಬಾಗಿಲಿಗೆ ಹೋಗಿ ವಾಪಸ್ ಬರುವುದರಲ್ಲಿ ಹೋಗುವ ಹೊತ್ತು ಕಣ್ಣಿನದು.

ಎಮರ್ಜೆನ್ಸಿಯಲ್ಲಿ ಮೊದಲ ಮಾತು ಯಾವುದು ಅನ್ನುವುದರ ಮೇಲೆ ಬಹಳ ನಿಂತಿದೆ. "ವಾಂತಿ ಆಗಾಕತ್ತೇತ್ರಿ" ಅಂದರೆ ಹೊಟ್ಟೆಯ ಸಾಲಿಗೆ ಹೋಗುತ್ತೀರಿ. ಹೀಗೆ ಹೇಳಿ: "ಡಾಕ್ಟ್ರೇ, ಸಂಜಿ ಆರೂವರಿಯಿಂದ ಒಂದ ಕಣ್ಣು ನೋವು, ಕೆಂಪಾಗೇತಿ, ಆ ಕಣ್ಣಿಗೆ ಮಸುಕು ಕಾಣತೈತಿ, ದೀಪದ ಸುತ್ತ ಬಳಿ ಕಾಣತಾವ. ಕಣ್ಣಿನ ಪ್ರೆಶರ್ ನೋಡ್ರಿ." ವಾಂತಿ ವಿಷಯ ಆಮೇಲೆ ಹೇಳಿ. ಇಂಜೆಕ್ಷನ್ ಕೊಡಲು ಬಂದರೆ ಕಣ್ಣಿನ ಸಂಶಯ ಇದೆ ಅಂತ ಮತ್ತೊಮ್ಮೆ ಹೇಳಿ. ಪಾಪೆ ಹಿಗ್ಗಿಸದ ವಾಂತಿ ಔಷಧಿಗಳಿವೆ, ಅವರು ಅದನ್ನು ಆರಿಸಿಕೊಳ್ಳುತ್ತಾರೆ. ಡಾಕ್ಟರಿಗೆ ಬುದ್ಧಿ ಹೇಳಿದ ಹಾಗೆ ಆಗುತ್ತದೆ ಅಂತ ಸಂಕೋಚ ಪಡಬೇಡಿ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ

ಆ ಅವ್ವನ ವಿಷಯಕ್ಕೇ ಬರೋಣ. ಪ್ರೆಶರ್ 58 ಬಂದ ಕೂಡಲೇ ಅಂಗಾತ ಮಲಗಿಸಿದರು. ಕಿಡ್ನಿ, ಹೃದಯದ ವಿಷಯ ಕೇಳಿ ಸರಿ ಇದೆ ಅಂತ ಗೊತ್ತಾದ ಮೇಲೆ 20% ಮ್ಯಾನಿಟಾಲ್ ಸಲೈನನ್ನು ಸುಮಾರು 300 ಮಿ.ಲೀ. ಮುಕ್ಕಾಲು ತಾಸಿನಲ್ಲಿ ಏರಿಸಿದರು. ತೂಕ 55 ಕಿಲೋ ಇತ್ತು, ಅದರ ಲೆಕ್ಕದ ಮೇಲೆ. ಮ್ಯಾನಿಟಾಲ್ ಕಣ್ಣೊಳಗಿನ ನೀರನ್ನು ರಕ್ತಕ್ಕೆ ಎಳೆದುಕೊಳ್ಳುತ್ತದೆ. ಆಮೇಲೆ ಮೂತ್ರ ಜಾಸ್ತಿ ಬರುತ್ತದೆ, ಗಾಬರಿ ಬೇಡ. ಆದರೆ ರೋಗಿಯನ್ನು ಒಬ್ಬರೇ ಬಚ್ಚಲಿಗೆ ಕಳಿಸಬೇಡಿ, ತಲೆ ಸುತ್ತಿ ಬೀಳಬಹುದು. ಜೊತೆಗೆ ಅಸೆಟಜೋಲಮೈಡ್ ಕೊಟ್ಟರು. ಇದರಿಂದ ಬೆರಳ ತುದಿ, ತುಟಿ ಜುಮ್ಮೆನ್ನುತ್ತವೆ, ಅದೂ ಸಾಮಾನ್ಯ. ಅಸ್ತಮಾ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಟಿಮೊಲಾಲ್ ಡ್ರಾಪ್ಸ್, ಉರಿ ತಗ್ಗಿಸಲು ಸ್ಟೀರಾಯ್ಡ್ ಡ್ರಾಪ್ಸ್ ಹಾಕಿದರು.

ಒಂದೂವರೆ ತಾಸಿನ ಮೇಲೆ ಪ್ರೆಶರ್ 34ಕ್ಕೆ ಇಳಿಯಿತು. ವಾಂತಿ ತಾನಾಗಿ ನಿಂತಿತು. ಆಗ ಪಾಪೆ ಸಣ್ಣ ಮಾಡುವ ಪಿಲೊಕಾರ್ಪಿನ್ ಶುರು ಮಾಡಿದರು. ಮೊದಲೇ ಯಾಕೆ ಹಾಕಲಿಲ್ಲ ಅಂತ ಮಗ ಕೇಳಿದ. ಪ್ರೆಶರ್ ಬಹಳ ಇದ್ದಾಗ ಐರಿಸ್ಸಿನ ಸ್ನಾಯುವಿಗೇ ರಕ್ತ ಸಿಗದೆ ಅದು ಔಷಧಿಯ ಮಾತು ಕೇಳುವುದಿಲ್ಲ, ಅದಕ್ಕೆ.

ಜನ ಇಲ್ಲಿ ಇನ್ನೊಂದು ತಪ್ಪು ಮಾಡುತ್ತಾರೆ. ನೋವು ಹೋಯಿತು, ಪ್ರೆಶರ್ ಇಳಿಯಿತು, ಮನೆಗೆ ಹೋಗೋಣ ಅನ್ನುತ್ತಾರೆ. ಔಷಧಿ ಇಳಿಸಿದ್ದು ಪ್ರೆಶರನ್ನು ಅಷ್ಟೇ, ಇಕ್ಕಟ್ಟು ಹಾಗೇ ಇದೆ. ಔಷಧಿ ಇಳಿದ ಮೇಲೆ ದಾಳಿ ಮತ್ತೆ ಬರಬಹುದು. ಕಾರ್ನಿಯಾ ತಿಳಿಯಾದ ಮೇಲೆ, ಆಕೆಗೆ ಎರಡನೇ ದಿನ, ಲೇಸರಿನಿಂದ ಐರಿಸ್ಸಿನ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತು ಮಾಡಿದರು. ಇದಕ್ಕೆ ಲೇಸರ್ ಇರಿಡಾಟಮಿ ಅನ್ನುತ್ತಾರೆ. ಹಿಂದಿನ ನೀರಿಗೆ ಮುಂದೆ ಬರಲು ಇನ್ನೊಂದು ದಾರಿ ಆಯಿತು. ಕಣ್ಣಿಗೆ ಮರಗಟ್ಟುವ ಡ್ರಾಪ್ಸ್ ಹಾಕಿ, ಯಂತ್ರದ ಮುಂದೆ ಕೂರಿಸಿ ಮಾಡುತ್ತಾರೆ. ಕೆಲವು ನಿಮಿಷದ ಕೆಲಸ.

ಅದೇ ವಾರ ಎಡಗಣ್ಣಿಗೂ ಮಾಡಿದರು. "ಚಲೋ ಇರೋ ಕಣ್ಣಿಗೆ ಯಾಕ್ರಿ?" ಅಂತ ಆಕೆ ಕೇಳಿದ್ದು ನ್ಯಾಯವಾದ ಪ್ರಶ್ನೆ. ಎರಡೂ ಕಣ್ಣಿನ ಕಟ್ಟಡ ಒಂದೇ. ಒಂದು ಕಣ್ಣಿಗೆ ದಾಳಿ ಆದವರಲ್ಲಿ ಲೇಸರ್ ಮಾಡದೆ ಬಿಟ್ಟರೆ, ಸುಮಾರು ಅರ್ಧದಷ್ಟು ಜನರಿಗೆ ಐದು ವರ್ಷದೊಳಗೆ ಇನ್ನೊಂದಕ್ಕೂ ಬರುತ್ತದೆ.

ಬಲಗಣ್ಣಿಗೆ ಮೂರು ತಿಂಗಳ ಮೇಲೆ ಚಶ್ಮಾ ಹಾಕಿ 6/24 ಕಾಣುತ್ತಿತ್ತು, ಅಂದರೆ ಒಳ್ಳೆಯ ಕಣ್ಣು 24 ಮೀಟರಿನಿಂದ ಓದುವ ಅಕ್ಷರ ಆ ಕಣ್ಣಿಗೆ 6 ಮೀಟರಿನಿಂದ ಕಾಣುತ್ತಿತ್ತು. ಮನೆಯ ಕೆಲಸಕ್ಕೆ ಸಾಕು, ಆದರೆ ತೊಟ್ಟು ಬಿಡಿಸುವಾಗ ಕೆಳಗೆ ಬಿದ್ದ ಕಾಯಿ ಬಲಬದಿಗೆ ಕಾಣುವುದಿಲ್ಲ ಅನ್ನುತ್ತಿದ್ದರು. ಆ ಬದಿಯ ನೋಟಕ್ಕೆ ಬೇಕಾದ ನರದ ಎಳೆಗಳು ಹೋಗಿದ್ದವು. ಪಾಪೆ ಇನ್ನೂ ಸ್ವಲ್ಪ ದೊಡ್ಡದಾಗಿಯೇ ಇದೆ. ರಾತ್ರಿ ಎಂಟಕ್ಕೆ ದೀಪದ ಬಳೆಯ ಮಾತು ಕೇಳಿ ಹೊರಟಿದ್ದರೆ ಈ ಕಣ್ಣು ಬಹಳ ಮಟ್ಟಿಗೆ ಉಳಿಯುತ್ತಿತ್ತು ಅಂತ ನಾನು ನಂಬುತ್ತೇನೆ.

ದೊಡ್ಡ ದಾಳಿಗೂ ಮುಂಚಿನ ಸಣ್ಣ ದಾಳಿ

ಬಹಳ ಜನರಿಗೆ ಮುನ್ಸೂಚನೆ ಸಿಕ್ಕಿರುತ್ತದೆ. ಆಕೆಗೂ ಸಿಕ್ಕಿತ್ತು. ಹಿಂದಿನ ದೀಪಾವಳಿ ಹೊತ್ತಿಗೆ ಎರಡು ಸಲ ಸಂಜೆ ಕಣ್ಣು ಮಸುಕಾಗಿ, ದೀಪಕ್ಕೆ ಬಳೆ ಬಂದು, ಹುಬ್ಬು ನೋಯ್ದು, ಮಲಗಿ ಎದ್ದಾಗ ಎಲ್ಲಾ ಸರಿಯಾಗಿತ್ತಂತೆ. ನಿದ್ದೆಯಲ್ಲಿ ಪಾಪೆ ಸಣ್ಣಗಾಗುತ್ತದೆ, ಮೂಲೆ ಮತ್ತೆ ತೆರೆಯುತ್ತದೆ. ಅದಕ್ಕೆ ಈ ಸಣ್ಣ ದಾಳಿಗಳು ಮಲಗಿದರೆ ಹೋಗುತ್ತವೆ. ಜನರಿಗೆ "ಮಲಗಿದರ ಕಡಿಮಿ ಆಗತೈತಿ" ಅನ್ನುವ ಧೈರ್ಯ ಬರುವುದೂ ಇಲ್ಲಿಂದಲೇ. ದೊಡ್ಡ ದಾಳಿ ಹಾಗೆ ಹೋಗುವುದಿಲ್ಲ.

ಸಂಜೆ ಕತ್ತಲೆಯಲ್ಲಿ ಟಿ.ವಿ. ನೋಡುವಾಗ, ಕರೆಂಟ್ ಹೋದಾಗ, ಸಿನಿಮಾ ಟಾಕೀಸಿನಲ್ಲಿ ಹೀಗೆ ಆಗುತ್ತಿದ್ದರೆ ಅದೇ ವಾರ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಮರುದಿನ ಬೆಳಗ್ಗೆ ಹೋದರೆ ಪ್ರೆಶರ್ 15, 16 ಬರಬಹುದು, ಕಣ್ಣು ಬೆಳ್ಳಗೆ ಇರಬಹುದು. ಪ್ರೆಶರ್ ನಾರ್ಮಲ್ ಅಂತ ಕೇಳಿ ಎದ್ದು ಬರಬೇಡಿ. ಸಂಜೆ ಏನಾಯಿತು ಅಂತ ಪೂರ್ತಿ ಹೇಳಿ, "ಕಣ್ಣಿನ ಮೂಲಿ ನೋಡ್ತೀರಾ?" ಅಂತ ಕೇಳಿ. ಆ ಪರೀಕ್ಷೆಗೆ ಗೋನಿಯೋಸ್ಕೋಪಿ ಅನ್ನುತ್ತಾರೆ. ಡ್ರಾಪ್ಸ್ ಹಾಕಿ, ಕನ್ನಡಿ ಇರುವ ಒಂದು ಸಣ್ಣ ಲೆನ್ಸನ್ನು ಕಣ್ಣಿಗೆ ತಾಗಿಸಿ ನೋಡುತ್ತಾರೆ. ಮೂಲೆ ಇಕ್ಕಟ್ಟು ಇದೆಯೋ ಇಲ್ಲವೋ ಅಂತ ಹೇಳುವುದು ಇದೇ. ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕುವ ಮೊದಲೇ ಇದನ್ನು ಮಾಡಬೇಕು.

ಅಂದಹಾಗೆ, ಆ ಡ್ರಾಪ್ಸಿನಿಂದಲೂ ಅಪರೂಪಕ್ಕೆ ದಾಳಿ ಆಗುತ್ತದೆ. ಕಣ್ಣಿನ ಕ್ಯಾಂಪಿನಲ್ಲೋ ಆಸ್ಪತ್ರೆಯಲ್ಲೋ ಡ್ರಾಪ್ಸ್ ಹಾಕಿಸಿಕೊಂಡು ಬಂದ ದಿನ ಸಂಜೆ ಅಥವಾ ರಾತ್ರಿ ಕಣ್ಣು ನೋಯ್ದು ವಾಂತಿ ಆದರೆ ಆ ರಾತ್ರಿಯೇ ವಾಪಸ್ ಹೋಗಿ. ಬರೀ ಮಸುಕು, ಬೆಳಕು ಚುಚ್ಚುವುದು ಸಾಮಾನ್ಯ. ನೋವು ಮತ್ತು ವಾಂತಿ ಸಾಮಾನ್ಯ ಅಲ್ಲ.

ನಮ್ಮ ಕಡೆ ಇನ್ನೊಂದು ರೂಢಿ ಇದೆ. ಪೊರೆ "ಇನ್ನೂ ಹಣ್ಣಾಗಿಲ್ಲ" ಅಂತ ಸುಗ್ಗಿ ಮುಗಿಯಲಿ, ಮಗಳ ಲಗ್ನ ಆಗಲಿ ಅಂತ ವರ್ಷಗಟ್ಟಲೆ ಮುಂದೂಡುವುದು. ಪೊರೆ ಪೂರ್ತಿ ಹಣ್ಣಾಗುವಾಗ ಕೆಲವರಲ್ಲಿ ಲೆನ್ಸ್ ನೀರು ಕುಡಿದು ಊದುತ್ತದೆ. ಆ ಊದಿದ ಲೆನ್ಸೇ ಐರಿಸ್ಸನ್ನು ಮುಂದಕ್ಕೆ ನೂಕಿ ಮೂಲೆ ಮುಚ್ಚುತ್ತದೆ. ನೋವು, ವಾಂತಿ ಎಲ್ಲಾ ಹೀಗೇ ಬರುತ್ತವೆ. ಆದರೆ ಇಲ್ಲಿ ಕಣ್ಣು ಮೊದಲೇ ಕಾಣದ್ದರಿಂದ ದೃಷ್ಟಿ ಹೋದದ್ದು ಗೊತ್ತಾಗುವುದಿಲ್ಲ. ಇದಕ್ಕೆ ಲೇಸರ್ ತೂತು ಸಾಲದು, ಪ್ರೆಶರ್ ಇಳಿಸಿ ಪೊರೆಯನ್ನೇ ತೆಗೆಯಬೇಕು. ಈಗಿನ ಆಪರೇಷನ್ನಿಗೆ ಪೊರೆ ಹಣ್ಣಾಗುವ ತನಕ ಕಾಯುವ ಅಗತ್ಯ ಇಲ್ಲ.

ಲೇಸರ್ ಆದ ಮೇಲೆ, ಮನೆಮಂದಿಗೆ

ಮೂಲೆ ಇಕ್ಕಟ್ಟು ಅಂತ ಗೊತ್ತಾಗಿ ಇನ್ನೂ ಲೇಸರ್ ಆಗದವರು ಔಷಧಿ ಕೊಳ್ಳುವಾಗ ಅದನ್ನು ಹೇಳಲೇಬೇಕು. ನೆಗಡಿ ಗುಳಿಗೆ ಬಿಟ್ಟರೆ, ದಮ್ಮಿಗೆ ಕೊಡುವ ಇಪ್ರಾಟ್ರೋಪಿಯಂ ನೆಬುಲೈಸರ್, ನರನೋವಿಗೆ ಮತ್ತು ನಿದ್ದೆಗೆ ಕೊಡುವ ಅಮಿಟ್ರಿಪ್ಟಿಲಿನ್ ಕೂಡ ದಾಳಿ ತರಬಹುದು. ಹಾಗಂತ ದಮ್ಮಿನ ಔಷಧಿಯನ್ನು ನೀವಾಗಿ ಬಿಡಬೇಡಿ. ಡಾಕ್ಟರಿಗೆ ಹೇಳಿ, ನೆಬುಲೈಸರ್ ಹೊಗೆ ಕಣ್ಣಿಗೆ ತಾಗದಂತೆ ಮಾಸ್ಕ್ ಬಿಗಿಯಾಗಿ ಕೂರಿಸಿಕೊಳ್ಳಿ. ಲೇಸರ್ ಸರಿಯಾಗಿ ಆದ ಮೇಲೆ ಬಹುತೇಕ ಜನರಿಗೆ ಈ ಭಯ ಇರುವುದಿಲ್ಲ. ಆದರೂ ಅದನ್ನು ನಿಮ್ಮ ಕಣ್ಣಿನ ಡಾಕ್ಟರ ಬಾಯಿಂದಲೇ ಕೇಳಿಕೊಳ್ಳಿ.

ಲೇಸರ್ ಆದವರಿಗೂ ಮೂಲೆ ನಿಧಾನವಾಗಿ ಅಂಟಿಕೊಳ್ಳಬಹುದು, ಆಗ ಪ್ರೆಶರ್ ನೋವಿಲ್ಲದೆ ಏರುತ್ತದೆ. ಅದಕ್ಕೆ ಡಾಕ್ಟರು ಹೇಳಿದ ತಾರೀಖಿಗೆ ಪ್ರೆಶರ್ ನೋಡಿಸಿಕೊಳ್ಳುತ್ತಿರಬೇಕು. ಕೆಲವರಿಗೆ ಡ್ರಾಪ್ಸ್ ಮುಂದುವರಿಯುತ್ತದೆ, ಕೆಲವರಿಗೆ ಲೆನ್ಸನ್ನೇ ತೆಗೆದು ಜಾಗ ಮಾಡುವುದು ಒಳ್ಳೆಯದು ಅನ್ನುತ್ತಾರೆ.

ಕಣ್ಣಿನ ಈ ಕಟ್ಟಡ ಮನೆತನದಲ್ಲಿ ಬರುತ್ತದೆ, ಹೆಂಗಸರಲ್ಲಿ ಜಾಸ್ತಿ. ಆ ಅವ್ವನ ಜೊತೆ ಬಂದಿದ್ದ ತಂಗಿಗೆ 57 ವರ್ಷ. ದೂರಕ್ಕೂ ಪ್ಲಸ್ ನಂಬರಿನ ಚಶ್ಮಾ ಹಾಕಿದ್ದರು. ಒಂದು ದಿನವೂ ಕಣ್ಣು ನೋಯ್ದಿರಲಿಲ್ಲ. ಗೋನಿಯೋಸ್ಕೋಪಿ ಮಾಡಿದಾಗ ಎರಡೂ ಕಣ್ಣಿನ ಮೂಲೆ ಬಹಳ ಇಕ್ಕಟ್ಟು ಕಂಡಿತು. ಹತ್ತು ದಿನದ ಮೇಲೆ ಬಂದು ಎರಡೂ ಕಣ್ಣಿಗೆ ಲೇಸರ್ ಮಾಡಿಸಿಕೊಂಡು ಹೋದರು. ಅಣ್ಣತಮ್ಮ, ಅಕ್ಕತಂಗಿ, ನಲವತ್ತು ದಾಟಿದ ಮಕ್ಕಳು ಇದ್ದರೆ ಅವರನ್ನೂ ಹೀಗೆ ಒಮ್ಮೆ ಕರೆತನ್ನಿ.